ಕನ್ನಡ ಅಕ್ಷರದ ವರ್ಕ್‌ಶೀಟ್ ಮಾರಾಟ: 120 ಪುಟದ ಕಲರ್ ಪಿಡಿಎಫ್ ಹಾಗೇ ಇಡಲಾ, ಒಡೆಯಲಾ?

ತುಮಕೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಚಿಕ್ಕ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದುವ ವರ್ಕ್‌ಶೀಟ್ ಮಾಡಿ ಪಿಡಿಎಫ್ ರೂಪದಲ್ಲಿ ಮಾರುತ್ತಿದ್ದೇನೆ. ವರ್ಣಮಾಲೆ, ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ 120 ಪುಟ, ಪೂರ್ತಿ ಕಲರ್, ಎ4 ಅಳತೆ, ಬೆಲೆ 299 ರೂಪಾಯಿ. ಯುಪಿಐ ಮೂಲಕ ಹಣ ಬಂದಮೇಲೆ ವಾಟ್ಸಾಪ್‌ನಲ್ಲಿ ಫೈಲ್ ಕಳಿಸುತ್ತೇನೆ. ಐದು ಪುಟದ ಸ್ಯಾಂಪಲ್ ಉಚಿತವಾಗಿ ಇಟ್ಟಿದ್ದೇನೆ, ಅದನ್ನು ತುಂಬಾ ಜನ ಇಳಿಸಿಕೊಳ್ಳುತ್ತಾರೆ, ಚೆನ್ನಾಗಿದೆ ಅಂತಲೂ ಹೇಳುತ್ತಾರೆ, ಆದರೆ ಪೂರ್ತಿ ಸೆಟ್ ಕೊಳ್ಳುವವರು ಕಡಿಮೆ. ಕೊಂಡ ಅಪ್ಪ-ಅಮ್ಮಂದಿರು ಮತ್ತೆ ಬೇರೆ ಸೆಟ್ ಕೇಳಿಕೊಂಡು ಬರುವುದೂ ಇಲ್ಲ. ಟೀಚರ್‌ಗಳಂತೂ ಸ್ಯಾಂಪಲ್ ನೋಡಿ ಸುಮ್ಮನಾಗುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ಬೆಲೆ 99ಕ್ಕೆ ಇಳಿಸಬೇಕಾ? ಸೆಟ್ ಒಡೆದು ಚಿಕ್ಕ ಚಿಕ್ಕದಾಗಿ ಮಾರಬೇಕಾ? ಅಥವಾ ಇನ್ನೂ ಪುಟ ಸೇರಿಸಿ ದೊಡ್ಡದು ಮಾಡಬೇಕಾ? ಈ ಕೆಲಸ ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಡಿಜಿಟಲ್ ದೋಣಿ

ಮೇಡಂ, ಪಿಡಿಎಫ್‌ಗೆ ನಿಮ್ಮ ಕಡೆಯಿಂದ ಒಂದು ಸಲ ಮಾಡಿದ ಖರ್ಚು ಬಿಟ್ಟರೆ ಬೇರೇನಿಲ್ಲ, ಅಲ್ವಾ? ಹಾಗಾಗಿ ಪುಟ ಜಾಸ್ತಿ ಮಾಡಿ, ಬೆಲೆ ಕಡಿಮೆ ಮಾಡಿ. 500 ಪುಟ, 99 ರೂಪಾಯಿ. ಇನ್‌ಸ್ಟಾಗ್ರಾಂನಲ್ಲಿ ಓಡುತ್ತಿರುವುದೆಲ್ಲ ಇಂಥ ಬಂಡಲ್‌ಗಳೇ. ಜನರಿಗೆ ದೊಡ್ಡ ಸಂಖ್ಯೆ ಕಂಡರೆ ಕೊಳ್ಳೋಣ ಅನಿಸುತ್ತದೆ.

ಇನ್ನೊಂದು ವಿಷಯ, ಚುಕ್ಕಿ ಅಕ್ಷರಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಇಂಕ್‌ಸ್ಕೇಪ್‌ನಲ್ಲಿ ಅಕ್ಷರ ಟೈಪ್ ಮಾಡಿ `Path > Object to Path` ಕೊಟ್ಟು, ಒಳಗಿನ ಬಣ್ಣ ತೆಗೆದು, ಗೆರೆಗೆ ಡ್ಯಾಶ್ ಹಾಕಿದರೆ ಒಂದೇ ದಿನದಲ್ಲಿ ಪೂರ್ತಿ ವರ್ಣಮಾಲೆ ಮುಗಿಯುತ್ತದೆ. ಮತ್ತೆ ಜಿಎಸ್‌ಟಿ ನಂಬರ್ ಮಾಡಿಸಿಕೊಳ್ಳಿ. ಆನ್‌ಲೈನ್‌ನಲ್ಲಿ ಮಾರಬೇಕಾದರೆ ಅದು ಕಡ್ಡಾಯ.

ಜೆರಾಕ್ಸ್ ಅಂಗಡಿ

ನಾನು ದಾವಣಗೆರೆಯಲ್ಲಿ ಶಾಲೆ ಎದುರಿಗೇ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ನೀವು ಮಾರುವ ಇಂಥ ಪಿಡಿಎಫ್‌ಗಳು ಕೊನೆಗೆ ಬಂದು ನಿಲ್ಲುವುದು ನಮ್ಮ ಕೌಂಟರ್ ಮುಂದೆಯೇ. ಹಾಗಾಗಿ ಈ ಕಡೆಯಿಂದ ಕಾಣುವುದನ್ನು ಹೇಳುತ್ತೇನೆ.

ನಿಮ್ಮ ಸೆಟ್‌ನ ಬೆಲೆ 299 ಅಲ್ಲ. ನಮ್ಮಲ್ಲಿ ಕಲರ್ ಪ್ರಿಂಟ್ ಪುಟಕ್ಕೆ 10 ರೂಪಾಯಿ. 120 ಪುಟಕ್ಕೆ 1200. ಅಂದರೆ ಆ ತಾಯಿಗೆ ನಿಮ್ಮ ಸೆಟ್ ಬೀಳುವುದು 1499 ರೂಪಾಯಿಗೆ. ಆಕೆ ಕೌಂಟರ್‌ನಲ್ಲಿ ಲೆಕ್ಕ ಕೇಳಿ, "ಬೇಡ ಬಿಡಿ, ಕಪ್ಪು-ಬಿಳುಪಲ್ಲೇ ಹಾಕಿ" ಅನ್ನುತ್ತಾರೆ. ಆಗ ಪುಟಕ್ಕೆ 2 ರೂಪಾಯಿಯಂತೆ 240. ಅದೂ ಜಾಸ್ತಿಯಾಯಿತು ಅನಿಸಿದರೆ ಮೊದಲ ಹತ್ತು ಪುಟ ಮಾತ್ರ ತೆಗೆಸಿಕೊಂಡು ಹೋಗುತ್ತಾರೆ. ಉಳಿದ ಪುಟಕ್ಕೆ ಮತ್ತೆ ಬರುವುದು ಅಪರೂಪ.

ದೋಣಿಯವರು ಹೇಳಿದ್ದು ಅರ್ಧ ಸರಿ. ಮಾರುವವರಿಗೆ ಪುಟ ಹೆಚ್ಚಿದರೆ ಖರ್ಚಿಲ್ಲ ನಿಜ. ಕೊಳ್ಳುವವರಿಗೆ ಒಂದೊಂದು ಪುಟಕ್ಕೂ ಖರ್ಚಿದೆ. 500 ಪುಟದ ಬಂಡಲ್ ಕೊಂಡವರು ಇರಬಹುದು, ಪೂರ್ತಿ ಪ್ರಿಂಟ್ ಹಾಕಿಸಿದವರನ್ನು ನಾನು ನೋಡಿಲ್ಲ. ಪ್ರಿಂಟ್ ಆಗದ ಹಾಳೆಯಲ್ಲಿ ಮಗು ಬರೆಯುವುದಿಲ್ಲ, ಮಗು ಬರೆಯದಿದ್ದರೆ ಅಮ್ಮ ಎರಡನೇ ಸೆಟ್ ಕೇಳುವುದಿಲ್ಲ. ಜನ ನಿಮ್ಮ ಹತ್ತಿರ ಮತ್ತೆ ಬರದೆ ಇರುವುದಕ್ಕೆ ಇದೇ ಕಾರಣ ಇರಬೇಕು.

ಕಪ್ಪು-ಬಿಳುಪಿಗೆ ಬದಲಾಯಿಸುವುದು ಅಂದರೆ ಅದೇ ಫೈಲನ್ನು ಬಣ್ಣ ತೆಗೆದು ಕಳಿಸುವುದಲ್ಲ. ಹಳದಿ ಹಿನ್ನೆಲೆ ನಮ್ಮ ಮಷೀನಿನಲ್ಲಿ ಬೂದಿ ಬಣ್ಣದ ಮಚ್ಚೆಮಚ್ಚೆಯಾಗುತ್ತದೆ. ಕೆಂಪು ಚೆಂಡು ಕಪ್ಪು ಗುಂಡಾಗುತ್ತದೆ, ಒಳಗಿನ ಗೆರೆ ಕಾಣುವುದೇ ಇಲ್ಲ. ತಿದ್ದಲಿ ಅಂತ ಹಾಕಿದ ತಿಳಿ ಬೂದು ಅಕ್ಷರ ಮಾಯವಾಗುತ್ತದೆ. ಮೊದಲಿನಿಂದಲೇ ಬಿಳಿ ಹಾಳೆ, ಕಪ್ಪು ಗೆರೆ, ಒಳಗೆ ಖಾಲಿ ಇರುವ ಚಿತ್ರ ಅಂತ ಮಾಡಬೇಕು. ಚಿತ್ರಕ್ಕೆ ಮಗುವೇ ಬಣ್ಣ ತುಂಬಲಿ.

ಪರೀಕ್ಷೆ ಮಾಡುವ ದಾರಿ ಸುಲಭ. ಒಂದು ಪುಟ ಪ್ರಿಂಟ್ ತೆಗೆಯಿರಿ, ಅದನ್ನು ಜೆರಾಕ್ಸ್ ಮಾಡಿಸಿ, ಆ ಜೆರಾಕ್ಸನ್ನು ಇನ್ನೊಮ್ಮೆ ಜೆರಾಕ್ಸ್ ಮಾಡಿಸಿ. ಮೂರನೇ ಹಾಳೆಯಲ್ಲೂ ಚುಕ್ಕಿ ಒಂದೊಂದೂ ಬಿಡಿಬಿಡಿಯಾಗಿ ಕಂಡರೆ ಆ ಪುಟ ಪಾಸ್. ಶಾಲೆಗಳಲ್ಲಿ ನಡೆಯುವುದು ಹಾಗೆಯೇ, ಮೂಲ ಪ್ರತಿ ಯಾರ ಹತ್ತಿರವೂ ಇರುವುದಿಲ್ಲ.

ಹಾವೇರಿ ಮೇಷ್ಟ್ರು

ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಮಾಡುತ್ತೇನೆ. ಟೀಚರ್‌ಗಳು ಸ್ಯಾಂಪಲ್ ನೋಡಿ ಯಾಕೆ ಸುಮ್ಮನಾಗುತ್ತಾರೆ ಅಂತ ಕೇಳಿದ್ದೀರಿ, ನನಗೆ ಕಂಡ ಎರಡು ಕಾರಣ ಹೇಳುತ್ತೇನೆ.

ಒಂದು, ಅಕ್ಷರದ ಕ್ರಮ. ನೀವು ಅ ಆ ಇ ಈ ಅಂತ ಹೋಗಿದ್ದೀರಿ. ನಮ್ಮಲ್ಲಿ ನಲಿ-ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಇದರಲ್ಲಿ ವರ್ಣಮಾಲೆಯ ಕ್ರಮ ಹಿಡಿಯುವುದಿಲ್ಲ. ರ, ಗ, ಸ, ದ, ಅ ಮೊದಲು ಬರುತ್ತವೆ, ಆಮೇಲೆ ಜ, ವ, ಮ, ಬ, ನ. ಐದು ಅಕ್ಷರ ಕಲಿತ ಕೂಡಲೇ ಮಗು ಅರಸ, ಸರ, ಗರಗಸ, ದರ ಅಂತ ಪದ ಓದಲು ಶುರು ಮಾಡಲಿ ಅನ್ನುವುದು ಅದರ ಉದ್ದೇಶ. ನಿಮ್ಮ ಹಾಳೆ ಚೆಂದವೇ ಇದೆ, ಆದರೆ ಜೂನ್-ಜುಲೈನಲ್ಲಿ ನನಗೆ ಈ, ಊ, ಋ ತಿದ್ದುವ ಹಾಳೆ ಬೇಕಾಗಿಲ್ಲ. ನಲಿ-ಕಲಿ ಕ್ರಮದಲ್ಲೇ ಮಾಡಿ, ಎಲ್ಲ ಟೀಚರ್‌ಗಳೂ ಕೊಳ್ಳುತ್ತಾರೆ.

ಎರಡು, ದುಡ್ಡು. ನನ್ನ ತರಗತಿಯಲ್ಲಿ 30 ಮಕ್ಕಳು. 12 ಹಾಳೆ ಮಾಡಿಸಬೇಕು ಅಂದರೆ 360 ಜೆರಾಕ್ಸ್. ಜಾಸ್ತಿ ಮಾಡಿಸಿದರೆ ನಮ್ಮೂರಲ್ಲಿ ಒಂದಕ್ಕೆ 1 ರೂಪಾಯಿಗೆ ಕೊಡುತ್ತಾರೆ, ಆದರೂ 360 ಆಯಿತು. ಇದು ನಮ್ಮ ಜೇಬಿನಿಂದಲೇ ಹೋಗುವುದು. ನೀವು ಅದೇ ಕೆಲಸವನ್ನು ಅರ್ಧ ಹಾಳೆಗೆ ಇಳಿಸಿದರೆ, ಒಂದು ಎ4ನಲ್ಲಿ ಒಂದೇ ಥರದ ಎರಡು ಭಾಗ ಬಂದು ನಡುವೆ ಕತ್ತರಿಸುವ ಗೆರೆ ಇದ್ದರೆ, 180 ಜೆರಾಕ್ಸ್‌ಗೆ ಮುಗಿಯುತ್ತದೆ. ಮಗುವಿಗೂ ಅರ್ಧ ಹಾಳೆಯೇ ಸಾಕು. ಆರು ವರ್ಷದ ಮಗು ಒಂದು ಅಕ್ಷರವನ್ನು ನಲವತ್ತು ಸಲ ತಿದ್ದುವುದಿಲ್ಲ. ಎಂಟು ಹತ್ತು ಸಲ ಆದ ಮೇಲೆ ಕೈ ಜಾರುತ್ತದೆ, ಕೊನೆಯ ಸಾಲಿನ ಅಕ್ಷರ ಮೊದಲ ಸಾಲಿನದಕ್ಕಿಂತ ಕೆಟ್ಟದಾಗಿರುತ್ತದೆ. ನಿಮ್ಮ ಹಾಳೆ ತುಂಬಿಸಿದ ಯಾವ ಮಗುವಿನದಾದರೂ ತೆಗೆದು ನೋಡಿ, ಇದು ಗೊತ್ತಾಗುತ್ತದೆ.

ತುಮಕೂರಿನ ಅಮ್ಮ

ಮೇಷ್ಟ್ರೇ, ಅಂಗಡಿಯವರೇ, ತುಂಬಾ ಥ್ಯಾಂಕ್ಸ್. ಪ್ರಿಂಟ್ ಖರ್ಚನ್ನು ಈ ಕಡೆಯಿಂದ ನಾನು ಯೋಚಿಸಿರಲಿಲ್ಲ. ನನ್ನ ಒಂದು ಪುಟದಲ್ಲಿ ಒಂದೇ ಅಕ್ಷರ ಆರು ಸಾಲು ಇದೆ, ಸಾಲಿಗೆ ಐದು. ಅರ್ಧ ಹಾಳೆ ಮಾಡುವುದು ಕಷ್ಟವೇನಲ್ಲ.

ಚುಕ್ಕಿ ಅಕ್ಷರದ್ದು ಮಾತ್ರ ನನಗೂ ಕಾಡುತ್ತಿದೆ. ದೋಣಿಯವರು ಹೇಳಿದ ವಿಧಾನದಲ್ಲೇ ಮಾಡಿದ್ದೇನೆ. ಕೆಲವು ಅಮ್ಮಂದಿರು ಫೋಟೋ ಕಳಿಸುತ್ತಾರೆ, ಮಕ್ಕಳು ಅಕ್ಷರದ ಸುತ್ತ ಸುತ್ತಿ ಬರೆದಿರುತ್ತಾರೆ, ನಡುವೆ ಬಿಳಿ ಜಾಗ ಉಳಿದಿರುತ್ತದೆ. ಇದು ಮಗುವಿನ ವಯಸ್ಸಿನ ಕಾರಣಕ್ಕಾ, ಹಾಳೆಯ ಕಾರಣಕ್ಕಾ?

ಗೆರೆ-ಬರೆ

ಹಾಳೆಯ ಕಾರಣಕ್ಕೆ. ನಾನು ಪುಸ್ತಕಗಳ ಪುಟ ವಿನ್ಯಾಸ ಮಾಡುವವಳು, ಅಕ್ಷರಗಳ ಜೊತೆಗೇ ನನ್ನ ಕೆಲಸ.

ಫಾಂಟಿನಲ್ಲಿರುವ ಅಕ್ಷರ ಒಂದು ದಪ್ಪ ಆಕಾರ. ಅದನ್ನು `Object to Path` ಮಾಡಿದರೆ ಸಿಗುವುದು ಆ ಆಕಾರದ ಅಂಚು, ಹೊರಗಿನದೊಂದು ಗೆರೆ, ಒಳಗಿನದೊಂದು ಗೆರೆ. ಡ್ಯಾಶ್ ಹಾಕಿದರೆ ಎರಡೂ ಚುಕ್ಕಿಯಾಗುತ್ತವೆ. ಮಗು ಚುಕ್ಕಿ ಸೇರಿಸು ಅಂದರೆ ಅಂಚನ್ನೇ ಸೇರಿಸುತ್ತದೆ, ಅದರ ತಪ್ಪೇನಿಲ್ಲ. ಇಂಗ್ಲಿಷಿನ l, t ನಲ್ಲಿ ಇದು ಅಷ್ಟು ತೊಂದರೆ ಕೊಡುವುದಿಲ್ಲ. ನಮ್ಮ ಅಕ್ಷರ ಪೂರ್ತಿ ಸುರುಳಿ. ಅ ಅಥವಾ ಲ ಬರೆಯಲು ಹೋದ ಕೈ ಎಲ್ಲಿ ತಿರುಗಬೇಕು ಅಂತಲೇ ಗೊತ್ತಾಗುವುದಿಲ್ಲ.

ಬೇಕಾದದ್ದು ಅಕ್ಷರದ ನಡುಗೆರೆ, ಪೆನ್ಸಿಲ್ ಓಡುವ ದಾರಿ. ಇಂಕ್‌ಸ್ಕೇಪ್‌ನ `Trace Bitmap`ನಲ್ಲಿ `Centerline tracing` ಇದೆ, ಅದು ನಡುಗೆರೆ ತೆಗೆದುಕೊಡುತ್ತದೆ, ಆದರೆ ಗೆರೆ ಕೂಡುವ ಕಡೆಯೆಲ್ಲ ಗಂಟು ಬೀಳುತ್ತದೆ, ಒಂದೇ ಗೆರೆ ಆರು ತುಂಡಾಗುತ್ತದೆ. ಅದನ್ನು ಸರಿ ಮಾಡುವ ಸಮಯದಲ್ಲಿ ಕೈಯಲ್ಲೇ ಎಳೆಯಬಹುದು. ನನ್ನ ದಾರಿ ಹೀಗಿದೆ. ಅಕ್ಷರವನ್ನು ದೊಡ್ಡದಾಗಿ ತಿಳಿ ಬಣ್ಣದಲ್ಲಿ ಇಟ್ಟು ಆ ಪದರಕ್ಕೆ ಬೀಗ ಹಾಕಿ. ಮೇಲೊಂದು ಪದರ ತೆರೆದು ಪೆನ್ ಟೂಲ್‌ನಲ್ಲಿ ನಡುವೆ ಗೆರೆ ಎಳೆಯಿರಿ. ಕೈ ಎತ್ತುವ ಜಾಗದಲ್ಲಿ ಗೆರೆ ಮುಗಿಸಿ, ಮುಂದಿನದನ್ನು ಹೊಸ ಗೆರೆಯಾಗಿ ಶುರು ಮಾಡಿ. ಆಮೇಲೆ ಆ ಗೆರೆಗಳಿಗೆ ಚುಕ್ಕಿ ಹಾಕಿ. ಶುರುವಾಗುವ ಜಾಗದಲ್ಲಿ ಒಂದು ತುಂಬಿದ ಚುಕ್ಕಿ, ಪಕ್ಕದಲ್ಲಿ ಚಿಕ್ಕ ಬಾಣ.

ವರ್ಣಮಾಲೆಯ 49 ಅಕ್ಷರ ಹೀಗೆ ಎಳೆದಿಟ್ಟುಕೊಂಡರೆ ಮುಗಿಯಿತು ಅಂದುಕೊಳ್ಳಬೇಡಿ, ಗುಣಿತದ ಗುರುತುಗಳನ್ನೂ ಬೇರೆಯಾಗಿ ಎಳೆಯಬೇಕು. ಉಕಾರವನ್ನು ಎಲ್ಲ ಅಕ್ಷರಕ್ಕೂ ಒಂದೇ ಥರ ಅಂಟಿಸಲು ಆಗುವುದಿಲ್ಲ. ಕು, ಗು ಬರೆಯುವಾಗ ಕೊಂಬು ಬಲಕ್ಕೆ ಬರುತ್ತದೆ. ಪು, ವು ಬರೆಯುವಾಗ ಕೆಳಗಿನಿಂದ ಹೊರಡುತ್ತದೆ, ಇಲ್ಲದಿದ್ದರೆ ವು ಬರೆದದ್ದು ಮ ಆಗಿಬಿಡುತ್ತದೆ. ಮಕ್ಕಳು ನಿಜವಾಗಿ ತಡವರಿಸುವುದು ಅಲ್ಲೇ. ಮಾರುಕಟ್ಟೆಯಲ್ಲಿರುವ ಕಾಗುಣಿತದ ಹಾಳೆಗಳು ಕ ದಿಂದ ಳ ವರೆಗೆ ಎಲ್ಲಕ್ಕೂ ಒಂದೇ ಅಚ್ಚು ಒತ್ತುತ್ತವೆ, ಈ ಜಾಗಕ್ಕೆ ಒಂದು ಸಾಲೂ ಹೆಚ್ಚಿಗೆ ಕೊಡುವುದಿಲ್ಲ. ನೀವು ಪ-ವ-ಮ ಮೂರನ್ನೇ ಇಟ್ಟು ಒಂದು ಹಾಳೆ ಮಾಡಿದರೆ ಯಾವ ಟೀಚರ್ ಆದರೂ ನಿಂತು ನೋಡುತ್ತಾರೆ.

ಹಾವೇರಿ ಮೇಷ್ಟ್ರು

ಪ-ವ-ಮ ಮಾತು ನೂರಕ್ಕೆ ನೂರು ನಿಜ. ಇದಕ್ಕೆ ಇನ್ನೊಂದು ಸೇರಿಸುತ್ತೇನೆ. ಇಂಗ್ಲಿಷಿನ ನಾಲ್ಕು ಗೆರೆಯನ್ನು ಕನ್ನಡಕ್ಕೆ ಹಾಕಬೇಡಿ. ನಮಗೆ ಅಕ್ಷರಕ್ಕೆ ಎರಡು ಗೆರೆ, ಒತ್ತಕ್ಷರಕ್ಕೆ ಕೆಳಗೆ ಇನ್ನೊಂದು ಸಾಲಿನ ಜಾಗ ಬೇಕು. ಜಾಗ ಇಲ್ಲದಿದ್ದರೆ ಅಮ್ಮ ಅಂತ ಬರೆದಾಗ ಒತ್ತು ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ.

ಬಾಣದ ಗುರುತಿನ ಬಗ್ಗೆ ಮಾತ್ರ ಎಚ್ಚರಿಕೆ. ನಾವು ಮೊದಲು ಕೆಳಗಿನ ಭಾಗ ಬರೆಸಿ ಕೊನೆಗೆ ತಲೆಕಟ್ಟು ಹಾಕಿಸುತ್ತೇವೆ. ಪಕ್ಕದ ಶಾಲೆಯಲ್ಲಿ ತಲೆಕಟ್ಟಿನಿಂದಲೇ ಶುರು ಮಾಡಿಸುವವರೂ ಇದ್ದಾರೆ. ನಿಮ್ಮ ಬಾಣ ನನ್ನ ಪಾಠಕ್ಕೆ ಎದುರಾದರೆ ಹಾಳೆ ನನಗೆ ಬೇಡ.

ಗೆರೆ-ಬರೆ

ಹಾಗಾದರೆ ಬಾಣ ಬಿಟ್ಟು ಶುರುವಿನ ಚುಕ್ಕಿ ಮಾತ್ರ ಇಡಬಹುದಾ?

ಹಾವೇರಿ ಮೇಷ್ಟ್ರು

ಶುರುವಿನ ಚುಕ್ಕಿಯೇ ತಾನೇ ತಕರಾರು! ಆದರೂ ಮನೆಯಲ್ಲಿ ಕಲಿಸುವ ಅಮ್ಮಂದಿರಿಗೆ ಬಾಣ ಬೇಕೇ ಬೇಕಾಗಬಹುದು. ಇದು ಹೇಗೆ ಬಗೆಹರಿಯುತ್ತದೋ ನೋಡಿ.

ಡಬ್ಬಿ ಊಟ

ನನ್ನದು ಸ್ವಲ್ಪ ಬೇರೆ, ಆದರೂ ಇಲ್ಲೇ ಕೇಳುತ್ತೇನೆ. ಶಾಲೆ ಮಕ್ಕಳ ಡಬ್ಬಿಗೆ ಹಾಕುವ ತಿಂಡಿಗಳ ಪುಸ್ತಿಕೆ ಮಾಡಿದ್ದೇನೆ. ರಾಗಿ ದೋಸೆ, ಮೆಂತ್ಯ ಸೊಪ್ಪಿನ ಚಪಾತಿ, ಅವಲಕ್ಕಿ ಬಿಸಿಬೇಳೆ, ಹೆಸರುಬೇಳೆ ಪೊಂಗಲ್, ಹೀಗೆ. ಒಟ್ಟು 26 ಪುಟ. ಅಚ್ಚು ಹಾಕಿಸಿ ಪೇರೆಂಟ್ಸ್ ಮೀಟಿಂಗ್ ದಿನ ಶಾಲೆ ಹೊರಗೆ ಮಾರೋಣ ಅಂತ. ಪ್ರೆಸ್‌ನವರು 28 ಪುಟ ಮಾಡಿಕೊಡಿ ಅಂತ ವಾಪಸ್ ಕಳಿಸಿದರು. ಎರಡು ಪುಟ ಯಾಕೆ ಜಾಸ್ತಿ ಕೇಳುತ್ತಿದ್ದಾರೆ? ದುಡ್ಡಿಗಾ?

ಜೆರಾಕ್ಸ್ ಅಂಗಡಿ

ಅಕ್ಕ, ದುಡ್ಡಿಗಲ್ಲ. ಮಧ್ಯೆ ಮಡಚಿ ಪಿನ್ ಹೊಡೆಯುವ ಪುಸ್ತಿಕೆಯಲ್ಲಿ ಒಂದು ಹಾಳೆ ಮಡಚಿದರೆ ನಾಲ್ಕು ಪುಟ ಆಗುತ್ತದೆ. ಹಾಗಾಗಿ ಒಟ್ಟು ಪುಟ ನಾಲ್ಕರಿಂದ ಭಾಗವಾಗಬೇಕು. 26 ಆದರೆ ಎರಡು ಪುಟ ಖಾಲಿ ಉಳಿಯುತ್ತವೆ. ಒಂದರಲ್ಲಿ ಅಳತೆಯ ಪಟ್ಟಿ ಹಾಕಿ, ಇನ್ನೊಂದರಲ್ಲಿ ವಾರದ ಡಬ್ಬಿ ಬರೆದುಕೊಳ್ಳುವ ಖಾಲಿ ಕೋಷ್ಟಕ ಹಾಕಿ. ಆ ಕೋಷ್ಟಕವನ್ನು ಜನ ಜೆರಾಕ್ಸ್ ಮಾಡಿಸಿ ಫ್ರಿಜ್ ಮೇಲೆ ಅಂಟಿಸಿಕೊಳ್ಳುತ್ತಾರೆ.

ಅಳತೆಯ ಪಟ್ಟಿ ಯಾಕೆ ಅಂದರೆ, ನೀವು "ಒಂದು ಲೋಟ ಅಕ್ಕಿ" ಅಂತ ಬರೆದಿರುತ್ತೀರಿ. ಯಾವ ಲೋಟ? ಕಾಫಿ ಲೋಟವಾ, ನೀರಿನ ಲೋಟವಾ? ಒಂದು ಲೋಟ ಅಂದರೆ ಇಷ್ಟು ಎಂ.ಎಲ್. ಅಂತ ಒಮ್ಮೆ ಹೇಳಿಬಿಟ್ಟರೆ ಪುಸ್ತಿಕೆ ಪೂರ್ತಿ ಸರಿಯಾಗುತ್ತದೆ.

ಡಬ್ಬಿ ಊಟ

ಅಯ್ಯೋ ಹೌದು. ನಮ್ಮ ಮನೆಯಲ್ಲಿ ಎಲ್ಲಕ್ಕೂ ಒಂದೇ ಸ್ಟೀಲ್ ಲೋಟ. ಇವತ್ತೇ ಅಳೆಯುತ್ತೇನೆ. ಧನ್ಯವಾದ ತಮ್ಮಾ.

ವೈಟ್‌ಫೀಲ್ಡ್ ಅಪ್ಪ

ನನ್ನ ಮಾತೃಭಾಷೆ ತೆಲುಗು, ಕನ್ನಡ ಇಲ್ಲಿಗೆ ಬಂದಮೇಲೆ ಕಲಿತದ್ದು, ತಪ್ಪಿದ್ದರೆ ಕ್ಷಮಿಸಿ. ಇಲ್ಲಿ ಎಲ್ಲರೂ ಕನ್ನಡ ಬರುವ ಅಮ್ಮಂದಿರ ಬಗ್ಗೆಯೇ ಮಾತಾಡುತ್ತಿದ್ದೀರಿ. ದುಡ್ಡು ಕೊಟ್ಟು ಕೊಳ್ಳಲು ಕಾಯುತ್ತಿರುವವರು ನಮ್ಮಂಥವರು. 2015ರಲ್ಲಿ ಕನ್ನಡ ಕಲಿಕೆ ಕಾಯ್ದೆ ಬಂದಮೇಲೆ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲೂ ಕನ್ನಡ ಕಲಿಯಬೇಕು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಿಂದಿ, ಬಂಗಾಳಿ, ಮಲಯಾಳಂ ಮನೆಗಳೇ ಹೆಚ್ಚು. ಮಗುವಿಗೆ ಹೋಮ್‌ವರ್ಕ್ ಮಾಡಿಸಬೇಕು, ಅಪ್ಪ-ಅಮ್ಮನಿಗೆ ಒಂದಕ್ಷರವೂ ಬರುವುದಿಲ್ಲ.

ನಿಮ್ಮ ಸ್ಯಾಂಪಲ್ ನೋಡಿದೆ. "ಚಿತ್ರ ನೋಡಿ ಬಿಟ್ಟ ಅಕ್ಷರ ತುಂಬಿ" ಅಂತಿದೆ. ನನ್ನ ಪಕ್ಕದ ಮನೆಯವರಿಗೆ ಆ ಸೂಚನೆಯೇ ಓದಲು ಬರುವುದಿಲ್ಲ. ಉತ್ತರ ಸರಿಯಾ ತಪ್ಪಾ ಅಂತಲೂ ಗೊತ್ತಾಗುವುದಿಲ್ಲ. ಸೂಚನೆ ಇಂಗ್ಲಿಷಿನಲ್ಲೂ ಒಂದು ಸಾಲು ಇರಲಿ. ಕೊನೆಯಲ್ಲಿ ಎಲ್ಲ ಹಾಳೆಯ ಉತ್ತರ ಚಿಕ್ಕದಾಗಿ ಒಂದೆರಡು ಪುಟದಲ್ಲಿ ಬರಲಿ, ಪದವನ್ನು ಹೇಗೆ ಹೇಳಬೇಕು ಅಂತ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಇರಲಿ. ಪ್ರತಿ ಹಾಳೆಗೆ ನೀವೇ ಓದಿದ ಒಂದು ನಿಮಿಷದ ಧ್ವನಿ ಇದ್ದರೆ ಇನ್ನೂ ಒಳ್ಳೆಯದು. ವಾಟ್ಸಾಪ್‌ನಲ್ಲೇ ಕಳಿಸಬಹುದು. ಇಷ್ಟು ಇದ್ದರೆ 24 ಹಾಳೆಗೆ 199 ಕೊಡಲು ನಾನು ಇವತ್ತೇ ತಯಾರು.

ಡಲ್ಲಾಸ್ ಕನ್ನಡತಿ

ನಾವು ಇಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತೇವೆ. ಇಂಡಿಯಾದಿಂದ ಬರುವ ಹಾಳೆಗಳಲ್ಲಿ ನಮಗಾಗುವ ಎರಡು ತೊಂದರೆ ಹೇಳುತ್ತೇನೆ.

ಕಾಗದದ ಅಳತೆ. ಎ4 ಅಂದರೆ 210 × 297 ಮಿ.ಮೀ. ಇಲ್ಲಿ ಸಿಗುವುದು ಲೆಟರ್ ಸೈಜ್, 216 × 279 ಮಿ.ಮೀ. ಅಗಲ ಸ್ವಲ್ಪ ಜಾಸ್ತಿ, ಉದ್ದ 18 ಮಿ.ಮೀ. ಕಡಿಮೆ. `Actual size` ಕೊಟ್ಟರೆ ಮೇಲಿನ ಹೆಸರಿನ ಸಾಲು, ಕೆಳಗಿನ ಕೊನೆಯ ಸಾಲು ಕತ್ತರಿಸಿ ಹೋಗುತ್ತದೆ. `Fit to page` ಕೊಟ್ಟರೆ ಎಲ್ಲ ಸ್ವಲ್ಪ ಚಿಕ್ಕದಾಗುತ್ತದೆ, ಅದು ಪರವಾಗಿಲ್ಲ, ಆದರೆ ಎಲ್ಲರಿಗೂ ಅದು ಗೊತ್ತಿರುವುದಿಲ್ಲ. ನಿಮ್ಮ ಗೆರೆ, ಚಿತ್ರ ಎಲ್ಲವನ್ನೂ 190 × 250 ಮಿ.ಮೀ. ಚೌಕಟ್ಟಿನ ಒಳಗೆ ಇಟ್ಟುಕೊಂಡರೆ ಎರಡೂ ಕಾಗದಕ್ಕೆ ಒಂದೇ ಫೈಲ್ ನಡೆಯುತ್ತದೆ.

ಮಕ್ಕಳ ವಯಸ್ಸು. ಅಲ್ಲಿ ಅ ಆ ತಿದ್ದುವುದು ನಾಲ್ಕೈದು ವರ್ಷದ ಮಗು. ಇಲ್ಲಿ ಎಂಟು ಒಂಬತ್ತು ವರ್ಷದವರು ಶುರು ಮಾಡುತ್ತಾರೆ. ಅವರ ಕೈ ಪಳಗಿದೆ, ಇಂಗ್ಲಿಷ್ ಸರಾಗವಾಗಿ ಬರೆಯುತ್ತಾರೆ. ಬಲೂನು, ಕರಡಿಮರಿ ಇರುವ ಹಾಳೆ ಕೊಟ್ಟರೆ ಇದು ಪಾಪುಗಳದ್ದು ಅಂತ ಪಕ್ಕಕ್ಕಿಡುತ್ತಾರೆ. ಅವರಿಗೆ ಕಷ್ಟ ಬರೆಯುವುದಲ್ಲ, ಕೇಳಿಸಿಕೊಳ್ಳುವುದು. ತ-ಟ, ದ-ಡ, ನ-ಣ, ಲ-ಳ ಇವುಗಳ ವ್ಯತ್ಯಾಸ ಕಿವಿಗೆ ಹತ್ತುವುದಿಲ್ಲ. ಬೆಲೆ-ಬೆಳೆ, ಹಲ್ಲಿ-ಹಳ್ಳಿ ಅಂತ ಜೋಡಿ ಪದಗಳ ಹಾಳೆ, ಜೊತೆಗೆ ಧ್ವನಿ ಇದ್ದರೆ ನಮ್ಮಂಥ ಶಾಲೆಗಳು ಕೊಳ್ಳುತ್ತವೆ. ವೈಟ್‌ಫೀಲ್ಡ್ ಸರ್ ಹೇಳಿದ ಧ್ವನಿಯ ಮಾತು ನಮಗೂ ಅಷ್ಟೇ ಬೇಕಾದದ್ದು.

ತುಮಕೂರಿನ ಅಮ್ಮ

ಇಷ್ಟು ಜನ ಇಷ್ಟು ವಿವರವಾಗಿ ಬರೆದಿದ್ದು ನೋಡಿ ಖುಷಿಯಾಯಿತು. ಹೀಗೆ ಮಾಡೋಣ ಅಂತಿದ್ದೇನೆ, ತಪ್ಪಿದ್ದರೆ ಹೇಳಿ.

120 ಪುಟದ್ದನ್ನು ಒಡೆಯುತ್ತೇನೆ. ಮೊದಲು ಒಂದೇ ಸೆಟ್ ಹೊಸದಾಗಿ ಮಾಡುತ್ತೇನೆ: ಉಕಾರ-ಊಕಾರದ ಗುಣಿತ, 24 ಅರ್ಧ ಹಾಳೆ, ಕಪ್ಪು-ಬಿಳುಪು. ಮನೆಯವರಿಗೆ ಆದರೆ ಎರಡು ಬೇರೆ ಬೇರೆ ಅರ್ಧ ಒಂದು ಎ4ನಲ್ಲಿ, ಅಂದರೆ 12 ಹಾಳೆ, ಉತ್ತರದ ಪುಟ ಒಂದು, ಎಲ್ಲ ಸೇರಿ ಪ್ರಿಂಟ್ ಖರ್ಚು 26 ರೂಪಾಯಿ. ಟೀಚರ್‌ಗಳಿಗೆ ಅದೇ ಫೈಲ್, ಆದರೆ ಒಂದು ಎ4ನಲ್ಲಿ ಒಂದೇ ಅರ್ಧ ಎರಡು ಸಲ. ಪು-ವು-ಮ ಹಾಳೆ ಖಂಡಿತ ಇರುತ್ತದೆ. ಅಕ್ಷರದ ಎತ್ತರ ಒಂದೂವರೆ ಸೆಂಟಿಮೀಟರ್ ಇಡಲಾ? ಮನೆಯವರಿಗೆ 79, ಟೀಚರ್‌ಗೆ 149 ಅಂದುಕೊಂಡಿದ್ದೇನೆ.

ಇನ್ನೊಂದು. ಪ್ರತಿ ಅಕ್ಷರದ ಹಾಳೆಯ ಕೆಳಗೆ ಎಲ್ಲರಿಗೂ ಗೊತ್ತಿರುವ ಶಿಶುಗೀತೆಯ ಎರಡು ಸಾಲು ಹಾಕೋಣ ಅಂತ. ಜಿ.ಪಿ. ರಾಜರತ್ನಂ ಅವರದ್ದು, ಪಂಜೆ ಮಂಗೇಶರಾಯರದ್ದು. ಶಾಲೆ ಪುಸ್ತಕದಲ್ಲೇ ಇರುವಂಥವು, ಅದಕ್ಕೆ ಅಡ್ಡಿ ಇಲ್ಲ ಅಲ್ವಾ?

ಗೆರೆ-ಬರೆ

ಅಡ್ಡಿ ಇದೆ, ಇಬ್ಬರದ್ದೂ ಒಂದೇ ಥರ ಅಲ್ಲ. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಪಂಜೆಯವರು ತೀರಿಕೊಂಡದ್ದು 1937ರಲ್ಲಿ, ಅವರ ಬರಹದ ಹಕ್ಕು ಯಾವತ್ತೋ ಮುಗಿದಿದೆ, ಧಾರಾಳವಾಗಿ ಬಳಸಿ, ಹೆಸರು ಹಾಕಿ. ರಾಜರತ್ನಂ ಅವರು ತೀರಿಕೊಂಡದ್ದು 1979ರಲ್ಲಿ. 2039ರ ಕೊನೆಯವರೆಗೂ ಹಕ್ಕು ಇದೆ, ಮಾರುವ ಹಾಳೆಗೆ ಹಾಕಬೇಕಾದರೆ ಹಕ್ಕುದಾರರ ಅನುಮತಿ ಬೇಕು. ಶಾಲೆ ಪುಸ್ತಕದಲ್ಲಿದೆ ಅಂದ ಮಾತ್ರಕ್ಕೆ ಎಲ್ಲರದ್ದೂ ಆಗುವುದಿಲ್ಲ. ಪಠ್ಯಪುಸ್ತಕದ ಚಿತ್ರಗಳಿಗೂ ಇದೇ ಮಾತು.

ಚಿತ್ರ ಕ್ಯಾನ್ವಾದಿಂದ ತೆಗೆದುಕೊಂಡಿದ್ದರೆ, ಅಲ್ಲಿಯ ಒಂದು ಚಿತ್ರವನ್ನು ಹಾಗೇ ಒಂದು ಪುಟಕ್ಕೆ ದೊಡ್ಡದಾಗಿ ಹಾಕಿ ಬಣ್ಣ ತುಂಬುವ ಹಾಳೆ ಅಂತ ಮಾರಬಾರದು. ನಿಮ್ಮ ವಿನ್ಯಾಸದ ಒಂದು ಭಾಗವಾಗಿ ಇರಬೇಕು. ಫಾಂಟಿಗೆ ನೋಟೋ ಸ್ಯಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಬಳಸಿ, ಎರಡೂ ಮುಕ್ತ ಪರವಾನಗಿಯವು, ಪಿಡಿಎಫ್ ಒಳಗೆ ಸೇರಿಸಿ ಮಾರಲು ತೊಂದರೆ ಇಲ್ಲ. ಫೈಲ್ ಮುಗಿಸುವ ಮೊದಲು ಸೂರ್ಯ, ರಾಷ್ಟ್ರ, ಸ್ತ್ರೀ, ಜ್ಞಾನ ಈ ನಾಲ್ಕು ಪದ ಟೈಪ್ ಮಾಡಿ ನೋಡಿ. ಒತ್ತು ಬಿಡಿಸಿಕೊಂಡು ಪಕ್ಕಕ್ಕೆ ಬಂದಿದ್ದರೆ ಆ ಸಾಫ್ಟ್‌ವೇರ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತಿಲ್ಲ ಅಂತ ಅರ್ಥ.

ಎತ್ತರ ಒಂದೂವರೆ ಸೆಂ.ಮೀ. ಒಂದನೇ ತರಗತಿಗೆ ಸರಿ. ಎಲ್‌ಕೆಜಿ ಮಗುವಿಗೆ ಎರಡೂವರೆಯಾದರೂ ಬೇಕು.

ಲೆಕ್ಕಪತ್ರ

ಮೇಲೆ ಯಾರೋ ಜಿಎಸ್‌ಟಿ ಕಡ್ಡಾಯ ಅಂದಿದ್ದರು. ಪಿಡಿಎಫ್ ಮಾರಾಟ ಸೇವೆಯ ಲೆಕ್ಕಕ್ಕೆ ಬರುತ್ತದೆ. ಸೇವೆಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಬೇಡ, ಬೇರೆ ರಾಜ್ಯದವರಿಗೆ ಮಾರಿದರೂ ಅಷ್ಟೇ. ಆದರೆ ಬಂದ ಹಣವನ್ನು ಆದಾಯ ತೆರಿಗೆಯಲ್ಲಿ ತೋರಿಸಬೇಕು. ಯುಪಿಐಗೆ ಬೇರೆ ಖಾತೆ ಇಟ್ಟುಕೊಳ್ಳಿ, ಮನೆ ಖರ್ಚಿನ ಜೊತೆ ಬೆರೆಸಿದರೆ ಮಾರ್ಚ್‌ನಲ್ಲಿ ಒದ್ದಾಡಬೇಕಾಗುತ್ತದೆ.

ಡಿಜಿಟಲ್ ದೋಣಿ

ಜಿಎಸ್‌ಟಿ ವಿಷಯ ತಿಳಿಸಿದ್ದಕ್ಕೆ ಥ್ಯಾಂಕ್ಸ್. ಬಂಡಲ್ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. 79 ರೂಪಾಯಿಯ ಸೆಟ್ ಒಂದೊಂದಾಗಿ ಮಾರಿ, ಒಂದೊಂದು ಸಲವೂ ವಾಟ್ಸಾಪ್‌ನಲ್ಲಿ ಕೇಳಿ, ಉತ್ತರಿಸಿ, ಫೈಲ್ ಕಳಿಸುವ ಶ್ರಮ ಇದೆಯಲ್ಲ, ಅದಕ್ಕೆ ಬೆಲೆ ಇಲ್ಲವಾ? ಎರಡು ಸೆಟ್ ಕೊಂಡವರಿಗೆ ಉಳಿದ ಎಲ್ಲವನ್ನೂ ಸೇರಿಸಿ ಒಂದು ಬೆಲೆ ಹೇಳಿ. ಮೊದಲು ಚಿಕ್ಕದನ್ನು ಬಳಸಿ ನೋಡಿದವರು ದೊಡ್ಡದಕ್ಕೆ ಧೈರ್ಯವಾಗಿ ಹಣ ಕೊಡುತ್ತಾರೆ. ಇನ್ನು 149ರ ಟೀಚರ್ ಫೈಲ್ ಒಬ್ಬರು ಕೊಂಡರೆ ಇಡೀ ಶಾಲೆಯ ಗ್ರೂಪಿಗೆ ಹೋಗುತ್ತದೆ. ಅದನ್ನು ಹೇಗೆ ತಡೆಯುತ್ತೀರಿ?

ಜೆರಾಕ್ಸ್ ಅಂಗಡಿ

ತಡೆಯಲು ಆಗುವುದಿಲ್ಲ. ಪಾಸ್‌ವರ್ಡ್ ಹಾಕಿದ ಪಿಡಿಎಫ್ ನಮ್ಮ ಅಂಗಡಿಗೆ ಬಂದರೆ ಪ್ರಿಂಟ್ ಆಗದೆ ಗಿರಾಕಿ ವಾಪಸ್ ಹೋಗುತ್ತಾರೆ, ನಷ್ಟ ದುಡ್ಡು ಕೊಟ್ಟವರಿಗೇ. ಕೆಳಗೆ ಚಿಕ್ಕದಾಗಿ ಕೊಂಡವರ ಹೆಸರು ಹಾಕಿ ಕಳಿಸುವವರಿದ್ದಾರೆ. ಹೆಸರು ಇದ್ದರೆ ಗ್ರೂಪಿಗೆ ಹಾಕುವ ಮೊದಲು ಒಂದು ಕ್ಷಣ ಯೋಚಿಸುತ್ತಾರೆ.

ಹಾವೇರಿ ಮೇಷ್ಟ್ರು

ಹೆಸರು ಹಾಕುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಮಕ್ಕಳ ಹಾಳೆಯ ಮೇಲೆ ನನ್ನ ಹೆಸರು ಯಾಕೆ? ಬದಲಿಗೆ "ಒಂದು ತರಗತಿಯ ಮಕ್ಕಳಿಗೆ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು, ಬೇರೆ ಶಿಕ್ಷಕರಿಗೆ ಫೈಲ್ ಕೊಡಬೇಡಿ" ಅಂತ ಕನ್ನಡದಲ್ಲಿ ಒಂದು ಸಾಲು ಹಾಕಿ. ಎಷ್ಟೋ ಜನರಿಗೆ ಎಲ್ಲಿಯವರೆಗೆ ಸರಿ ಅನ್ನುವುದೇ ಗೊತ್ತಿಲ್ಲ. ಇಡೀ ಶಾಲೆಗೆ ಅಂತ ಇನ್ನೊಂದು ಬೆಲೆಯೂ ಇರಲಿ.

ನಾನು ನಲಿ-ಕಲಿ ಕ್ರಮ ಮಾಡಿದರೆ ಎಲ್ಲ ಟೀಚರ್‌ಗಳೂ ಕೊಳ್ಳುತ್ತಾರೆ ಅಂದಿದ್ದೆ. ಅದು ಸರ್ಕಾರಿ ಶಾಲೆಗಳ ಮಾತು. ಖಾಸಗಿ ಶಾಲೆಯವರು ಅ ಆ ಇ ಈ ಕ್ರಮವನ್ನೇ ಕೇಳುತ್ತಾರೆ. ಆದರೆ ನೀವು ಈಗ ಮಾಡುತ್ತಿರುವ ಉಕಾರದ ಸೆಟ್‌ಗೆ ಈ ತೊಂದರೆ ಇಲ್ಲ, ಒಂದೊಂದು ಹಾಳೆ ಒಂದೊಂದು ಅಕ್ಷರಕ್ಕೆ ಇದ್ದರೆ ನಾವೇ ನಮ್ಮ ಕ್ರಮಕ್ಕೆ ಜೋಡಿಸಿಕೊಳ್ಳುತ್ತೇವೆ. ಹಾಳೆಗೆ ಪುಟಸಂಖ್ಯೆ ದೊಡ್ಡದಾಗಿ ಹಾಕಬೇಡಿ, ಮೂಲೆಯಲ್ಲಿ ಅಕ್ಷರ ಬರೆಯಿರಿ. 7ನೇ ಪುಟ ಎಲ್ಲಿ ಅಂತ ಮಕ್ಕಳು ಕೇಳುತ್ತಾರೆ.

ಚಿತ್ರ ಆರಿಸುವಾಗ ನಮ್ಮ ಕಡೆಯನ್ನೂ ನೆನಪಿಟ್ಟುಕೊಳ್ಳಿ. ನಿಮ್ಮ ಸ್ಯಾಂಪಲ್‌ನಲ್ಲಿ ಕ ಅಕ್ಷರಕ್ಕೆ ಕಡಲೆಕಾಯಿ ಚಿತ್ರ ಇದೆ. ನಮ್ಮ ಮಕ್ಕಳು ಅದನ್ನು ನೋಡಿ ಶೇಂಗಾ ಅನ್ನುತ್ತಾರೆ, ಶ ಬರೆಯುತ್ತಾರೆ. ಕಣ್ಣು, ಕಪ್ಪೆ ಅಂಥದ್ದು ಹಾಕಿದರೆ ಬೀದರ್‌ನಿಂದ ಚಾಮರಾಜನಗರದವರೆಗೂ ನಡೆಯುತ್ತದೆ.

ತುಮಕೂರಿನ ಅಮ್ಮ

ಕಡಲೆಕಾಯಿ ಇವತ್ತೇ ತೆಗೆಯುತ್ತೇನೆ ಮೇಷ್ಟ್ರೇ. ರಾಜರತ್ನಂ ಅವರ ಸಾಲುಗಳನ್ನೂ ಬಿಡುತ್ತೇನೆ. ಬಾಣದ ವಿಷಯಕ್ಕೆ ಹೀಗೆ ಮಾಡಲಾ: ಮನೆಯವರ ಫೈಲಿನಲ್ಲಿ ಬಾಣ, ಟೀಚರ್ ಫೈಲಿನಲ್ಲಿ ಬಾಣ ಇಲ್ಲ? ಪದರ ಬೇರೆ ಇಟ್ಟುಕೊಂಡರೆ ಎರಡೂ ಒಂದೇ ಫೈಲಿನಿಂದ ತೆಗೆಯಬಹುದು.

ಗೆರೆ-ಬರೆ

ಒಳ್ಳೆಯದು, ಹಾಗೇ ಮಾಡಿ. ಬಾಣಗಳನ್ನೆಲ್ಲ ಒಂದೇ ಪದರದಲ್ಲಿ ಇಡಿ, ಪಿಡಿಎಫ್ ತೆಗೆಯುವ ಮುಂಚೆ ಅದನ್ನು ಮುಚ್ಚಿದರೆ ಸಾಕು.

ಹಾವೇರಿ ಮೇಷ್ಟ್ರು

ಪು-ವು-ಮ ಹಾಳೆ ಮೊದಲು ಮುಗಿಸಿ ಕಳಿಸಿ. ಸೋಮವಾರ ತರಗತಿಯಲ್ಲಿ ಕೊಟ್ಟು, ಮಕ್ಕಳು ಬರೆದ ಹಾಳೆಗಳ ಫೋಟೋ ಇಲ್ಲೇ ಹಾಕುತ್ತೇನೆ. ಎಲ್ಲಿ ಕೈ ತಡೆಯಿತು ಅಂತ ಎಲ್ಲರೂ ನೋಡಬಹುದು.

ವೈಟ್‌ಫೀಲ್ಡ್ ಅಪ್ಪ

ಧ್ವನಿ ಇರುವ ಸೆಟ್ ಯಾವಾಗ ಬರುತ್ತದೆ ಮೇಡಂ? ನಮ್ಮ ಬ್ಲಾಕಿನಲ್ಲಿ ಇನ್ನೂ ಕೆಲವರು ಕೇಳುತ್ತಿದ್ದಾರೆ.